ಇಂಗ್ಲಿಷ್ ಆರೋಗ್ಯ ವಿಮಾ ಪಾಲಿಸಿಯನ್ನು ಓದುವ ಬಗೆ



2025ರ ಜೂನ್ ತಿಂಗಳಲ್ಲಿ ನಮ್ಮ ನುಗ್ಗೇಹಳ್ಳಿ ಹೋಬಳಿಯ ಒಂದು ಗ್ರಾಮಕ್ಕೆ ತೆಂಗಿನ ಗರಿಗೆ ಬಿದ್ದಿದ್ದ ಕಪ್ಪುತಲೆ ಹುಳುವನ್ನು ನೋಡಲು ಹೋಗಿದ್ದೆನು. ತೋಟ ನೋಡಿಯಾದ ಮೇಲೆ ಮನೆಯ ಯಜಮಾನರು ಜಗುಲಿಯ ಮೇಲೆ ಕೂರಿಸಿ, ಒಳಗಿನಿಂದ ಒಂದು ಪುಸ್ತಕವನ್ನು ತಂದು ನನ್ನ ಕೈಗಿತ್ತರು. ಅದು ಅವರು ಹೊಸದಾಗಿ ಕೊಂಡ ಆರೋಗ್ಯ ವಿಮೆಯ ಪಾಲಿಸಿ. ಮೂವತ್ತಕ್ಕೂ ಹೆಚ್ಚು ಪುಟ, ಎಲ್ಲವೂ ಇಂಗ್ಲಿಷ್.

"ಎರಡು ಲಕ್ಷದ್ದು ಅಂದ್ರು, ಕಟ್ಟಿದೆ. ಒಳಗೇನು ಬರೆದವ್ರೆ ಅಂತ ನೀವೇ ನೋಡಿ ಹೇಳಿ ಸ್ವಾಮಿ" ಎಂದರು. ಬಾಗಿಲ ಬಳಿ ಕೂತಿದ್ದ ಅವರ ತಾಯಿ, "ನನ್ನ ಕಣ್ಣಿನ ಪೊರೆಗೆ ದುಡ್ಡು ಕೊಡ್ತಾರಂತಾ ಕೇಳಪ್ಪ" ಎಂದರು. ಮನೆಯಲ್ಲಿ ಯಜಮಾನರು, ಅವರ ಹೆಂಡತಿ, ಹತ್ತನೆಯ ತರಗತಿಯ ಮಗ, ಚಿಕ್ಕ ಮಗಳು, ಮತ್ತು 63 ವರ್ಷದ ಈ ತಾಯಿ, ಒಟ್ಟು ಐದು ಮಂದಿ.

ನಾನು ಓದಿದ್ದು ಕೃಷಿ ಡಿಪ್ಲೊಮಾ, ವಿಮೆಯ ಶಾಸ್ತ್ರವಲ್ಲ. ಆದರೂ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪೆನ್ಸಿಲ್ ಹಿಡಿದು, ಎರಡು ಸಂಜೆ ಆ ಪುಸ್ತಕವನ್ನು ಓದಿದೆವು. ಆಗ ಒಂದು ಮಾತು ಸ್ಪಷ್ಟವಾಯಿತು. ಇಂತಹ ಪಾಲಿಸಿಯನ್ನು ಮೊದಲಿಂದ ಕೊನೆಯವರೆಗೆ ತರ್ಜುಮೆ ಮಾಡುವ ಅಗತ್ಯವಿಲ್ಲ. ಮೂರು ಪ್ರಶ್ನೆಗಳನ್ನು ಹಾಕಿಕೊಂಡು ಹುಡುಕಿದರೆ ಸಾಕು. ಯಾವಾಗಿನಿಂದ ಕೊಡುತ್ತಾರೆ? ಯಾವುದಕ್ಕೆ ಕೊಡುವುದೇ ಇಲ್ಲ? ಕೊಟ್ಟರೆ ಎಷ್ಟರವರೆಗೆ? ಮೊದಲನೆಯದಕ್ಕೆ ಇಂಗ್ಲಿಷಿನಲ್ಲಿ ವೇಟಿಂಗ್ ಪೀರಿಯಡ್, ಎರಡನೆಯದಕ್ಕೆ ಎಕ್ಸ್‌ಕ್ಲೂಷನ್, ಮೂರನೆಯದಕ್ಕೆ ಸಬ್-ಲಿಮಿಟ್ ಎಂದು ಹೆಸರು. ನಾವು ಇವನ್ನು ಕಾಯುವ ಕಾಲ, ಹೊರಗಿಟ್ಟ ಬಾಬ್ತು, ಒಳಮಿತಿ ಎಂದು ಕರೆಯೋಣ.

ಆ ಮನೆಯವರು ಕೊಂಡದ್ದು 'ಆರೋಗ್ಯ ಸಂಜೀವನಿ' ಎಂಬ ಪಾಲಿಸಿ. ವಿಮಾ ಕಂಪನಿಗಳ ಮೇಲ್ವಿಚಾರಣೆ ನಡೆಸುವ ಕೇಂದ್ರದ ವಿಮಾ ನಿಯಂತ್ರಣ ಪ್ರಾಧಿಕಾರವು 2020ರ ಏಪ್ರಿಲ್ 1ರಿಂದ ಇದನ್ನು ಜಾರಿಗೆ ತಂದಿತು. ಯಾವ ಕಂಪನಿಯಿಂದ ಕೊಂಡರೂ ಇದರ ಮುಖ್ಯ ಷರತ್ತುಗಳು ಒಂದೇ. ಕಂತಿನ ಹಣ ಮಾತ್ರ ಕಂಪನಿಯಿಂದ ಕಂಪನಿಗೆ ಬೇರೆಯಾಗುತ್ತದೆ. ಆದಕಾರಣ ಇದನ್ನೇ ಮಾದರಿಯಾಗಿ ಇಟ್ಟುಕೊಂಡು ಪಾಠ ಮಾಡುವುದು ಅನುಕೂಲ. ಬೇರೆ ಪಾಲಿಸಿ ಇರುವವರು ಇದೇ ಕ್ರಮದಲ್ಲಿ ತಮ್ಮ ಪುಸ್ತಕವನ್ನು ನೋಡಿಕೊಳ್ಳಬಹುದು. ಅಂಕಿಗಳು ಮಾತ್ರ ಬೇರೆ ಇದ್ದಾವು. ಯಶಸ್ವಿನಿ, ಆಯುಷ್ಮಾನ್ ಭಾರತ್ ಕಾರ್ಡುಗಳ ನಿಯಮಗಳೇ ಬೇರೆ. ಅವನ್ನು ಇದರೊಂದಿಗೆ ಬೆರೆಸಬಾರದು.

ಇನ್ನೊಂದು ಮಾತು. ಇವರದು ಕುಟುಂಬ ಪಾಲಿಸಿ. ಎರಡು ಲಕ್ಷವೆಂದರೆ ತಲೆಗೆ ಎರಡು ಲಕ್ಷವಲ್ಲ. ಒಂದು ವರ್ಷಕ್ಕೆ ಐದೂ ಜನ ಸೇರಿ ಎರಡು ಲಕ್ಷ.

ಮೊದಲನೆಯ ಪಾಠ: ಕಾಯುವ ಕಾಲ

ತೆಂಗಿನ ಸಸಿ ನೆಟ್ಟ ವರ್ಷವೇ ಕಾಯಿ ಕೀಳಲು ಯಾರೂ ಏಣಿ ಹಾಕುವುದಿಲ್ಲ. ಪಾಲಿಸಿಯೂ ಹಾಗೆಯೇ, ಹಣ ಕಟ್ಟಿದ ದಿನವೇ ಎಲ್ಲ ಕಾಯಿಲೆಗೂ ಫಲ ಕೊಡುವುದಿಲ್ಲ. ಕಾಯಿಲೆ ಬಂದ ಮೇಲೆ ಕೊಂಡು, ಚಿಕಿತ್ಸೆ ಮುಗಿಸಿ, ಮರುವರ್ಷ ಬಿಟ್ಟುಬಿಡುವವರಿಂದ ಉಳಿದವರ ಹಣ ಕರಗಿಹೋಗಬಾರದೆಂದು ಈ ಷರತ್ತನ್ನು ಇಟ್ಟಿದ್ದಾರೆ.

ಪುಸ್ತಕದಲ್ಲಿ ಇದನ್ನು ಹುಡುಕುವುದು ಕಷ್ಟವಲ್ಲ. ಇಂಗ್ಲಿಷಿನ ಇ, ಎಕ್ಸ್, ಸಿ, ಎಲ್ ಎಂಬ ನಾಲ್ಕು ಅಕ್ಷರಗಳು, ಅದರ ಮುಂದೆ ಎರಡು ಅಂಕಿಯ ಒಂದು ಸಂಖ್ಯೆ ಅಚ್ಚಾಗಿರುತ್ತದೆ. 2020ರ ಅಕ್ಟೋಬರಿನಿಂದ ಎಲ್ಲ ಕಂಪನಿಗಳೂ ಒಂದೇ ಬಗೆಯ ಈ ಸಂಖ್ಯೆಗಳನ್ನು ಬಳಸಬೇಕೆಂದು ನಿಯಮವಾಗಿದೆ. ಅಕ್ಷರ ಗುರುತಿಸಬಲ್ಲ ಶಾಲೆಯ ಹುಡುಗನೂ ಇವನ್ನು ಹುಡುಕಿ ಗೀಟು ಹಾಕಬಲ್ಲನು. 01, 02, 03 ಈ ಮೂರು ಸಂಖ್ಯೆಗಳು ಕಾಯುವ ಕಾಲಕ್ಕೆ ಸೇರಿದವು. ಸುಲಭವಾದುದರಿಂದ ಆರಂಭಿಸೋಣ.

ಸಂಖ್ಯೆ 03 ಎಂದರೆ ಮೊದಲ 30 ದಿನ. ಈ ಅವಧಿಯಲ್ಲಿ ಜ್ವರ, ನ್ಯುಮೋನಿಯ ಮುಂತಾದ ಯಾವ ಕಾಯಿಲೆಗೆ ಆಸ್ಪತ್ರೆ ಸೇರಿದರೂ ಹಣವಿಲ್ಲ. ಆದರೆ ಅಪಘಾತಕ್ಕೆ ಈ ತಡೆಯಿಲ್ಲ. ಪಾಲಿಸಿ ಆರಂಭವಾದ ಮರುದಿನವೇ ತೆಂಗಿನ ಮರದಿಂದ ಬಿದ್ದು ಕಾಲು ಮುರಿದರೂ ವಿಮೆ ನಡೆಯುತ್ತದೆ. ಈ ಮನೆಯ ಪಾಲಿಸಿ 2025ರ ಜೂನ್ 10ರಂದು ಆರಂಭವಾಗಿತ್ತು. ಆದುದರಿಂದ 30 ದಿನಗಳ ಕಾಲ ಜುಲೈ 9ಕ್ಕೆ ಮುಗಿಯಿತು.

ಸಂಖ್ಯೆ 02 ಎಂದರೆ ಹೆಸರು ಹಿಡಿದು ಹೇಳಿದ ಕಾಯಿಲೆಗಳ ಪಟ್ಟಿ. ಕಣ್ಣಿನ ಪೊರೆ, ಹರ್ನಿಯ, ಮೂಲವ್ಯಾಧಿ, ಪಿತ್ತಕೋಶದ ಕಲ್ಲು, ಮೂತ್ರಕೋಶದ ಕಲ್ಲು, ಗರ್ಭಕೋಶ ತೆಗೆಯುವುದು, ಇಂತಹ ಹಲವು ಇದರಲ್ಲಿವೆ. ಇವುಗಳಿಗೆ ಇವರ ಪಾಲಿಸಿಯಲ್ಲಿ 24 ತಿಂಗಳು ಕಾಯಬೇಕು. ಮಂಡಿಯ ಕೀಲು ಬದಲಿಸುವುದಕ್ಕೆ ಇನ್ನೂ ಹೆಚ್ಚು, 36 ತಿಂಗಳು. ಇಲ್ಲಿ ಅನೇಕರು ಒಂದು ತಪ್ಪು ತಿಳಿಯುತ್ತಾರೆ. "ನನಗೆ ಮೊದಲು ಕಲ್ಲಿರಲಿಲ್ಲ, ಪಾಲಿಸಿ ಕೊಂಡ ಮೇಲೆ ಬಂತು, ಹಾಗಾಗಿ ಕೊಡಲೇಬೇಕು" ಎಂದು ವಾದಿಸುತ್ತಾರೆ. ಆ ವಾದ ನಿಲ್ಲುವುದಿಲ್ಲ. ಪಟ್ಟಿಯಲ್ಲಿರುವ ಕಾಯಿಲೆ ಹೊಸದಾಗಿ ಬಂದರೂ ಕಾಯಲೇಬೇಕು ಎಂದು ಅಲ್ಲಿಯೇ ಬರೆದಿದೆ. ಅಪಘಾತದಿಂದ ಆದುದಕ್ಕೆ ಮಾತ್ರ ವಿನಾಯಿತಿ.

ಸಂಖ್ಯೆ 01 ಎಂದರೆ ಮೊದಲೇ ಇದ್ದ ಕಾಯಿಲೆ. ಪಾಲಿಸಿ ಆರಂಭವಾಗುವುದಕ್ಕೆ ಹಿಂದಿನ 36 ತಿಂಗಳೊಳಗೆ ವೈದ್ಯರು ಗುರುತಿಸಿದ, ಅಥವಾ ಚಿಕಿತ್ಸೆ ಕೊಟ್ಟ ಇಲ್ಲವೆ ಮಾಡಿಸಿಕೊಳ್ಳಿ ಎಂದು ಹೇಳಿದ ಕಾಯಿಲೆಯೆಲ್ಲ ಇದರಲ್ಲಿ ಬರುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಆಸ್ತಮ ಇದಕ್ಕೆ ಉದಾಹರಣೆ. ಇದಕ್ಕೆ ಹಿಂದೆ 48 ತಿಂಗಳವರೆಗೆ ಕಾಯಿಸಲು ಅವಕಾಶವಿತ್ತು. 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮದಂತೆ 36 ತಿಂಗಳಿಗಿಂತ ಹೆಚ್ಚು ಕಾಯಿಸುವಂತಿಲ್ಲ.

ಈಗ ಅಜ್ಜಿಯ ಕಣ್ಣಿಗೆ ಬರೋಣ. ಹುಡುಗನು ಪಟ್ಟಿ ನೋಡಿ, "ಪೊರೆಗೆ 24 ತಿಂಗಳು ಅಜ್ಜಿ, 2027ರ ಜೂನ್‌ಗೆ ಆಗುತ್ತೆ" ಎಂದನು. ಆಗ ಅಜ್ಜಿಯು ಟ್ರಂಕಿನಿಂದ ಒಂದು ಚೀಟಿ ತೆಗೆಸಿದರು. ಅದು 2024ರ ಡಿಸೆಂಬರಿನಲ್ಲಿ ನಡೆದ ಕಣ್ಣಿನ ಶಿಬಿರದ ಚೀಟಿ. ಬಲಗಣ್ಣಿನಲ್ಲಿ ಪೊರೆ ಇದೆ, ಆಪರೇಷನ್ ಮಾಡಿಸಬೇಕು ಎಂದು ವೈದ್ಯರು ಬರೆದಿದ್ದರು. ಇದು ಪಾಲಿಸಿ ಕೊಳ್ಳುವುದಕ್ಕೆ ಆರು ತಿಂಗಳು ಹಿಂದಿನ ಮಾತು. ಅಂದಮೇಲೆ ಈ ಪೊರೆಯು ಪಟ್ಟಿಯ ಕಾಯಿಲೆಯೂ ಹೌದು, ಮೊದಲೇ ಇದ್ದ ಕಾಯಿಲೆಯೂ ಹೌದು. ಒಂದೇ ಕಾಯಿಲೆಗೆ ಎರಡು ಕಾಯುವ ಕಾಲ ತಗುಲಿದರೆ ಯಾವುದು ಉದ್ದವೋ ಅದೇ ನಡೆಯುತ್ತದೆ. 24 ಹೋಗಿ 36 ಆಯಿತು. 2028ರ ಜೂನ್ 9 ಮುಗಿಯುವವರೆಗೆ ಬಲಗಣ್ಣಿಗೆ ಹಣವಿಲ್ಲ.

ಎರಡನೆಯ ಪಾಠ: ಅರ್ಜಿಯಲ್ಲಿ ಬರೆಯದೆ ಬಿಟ್ಟದ್ದು

ಇಲ್ಲಿ ಒಂದು ಗಂಡಾಂತರ ಕಂಡುಬಂತು. ಪಾಲಿಸಿಯ ಹಿಂಬದಿಗೆ ಅವರು ಸಹಿ ಹಾಕಿದ ಅರ್ಜಿಯ ನಕಲನ್ನು ಸೇರಿಸಿದ್ದರು. ಅದರಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆ ಸಕ್ಕರೆ, ರಕ್ತದೊತ್ತಡ, ಹೃದ್ರೋಗ ಇತ್ಯಾದಿ ಪ್ರಶ್ನೆಗಳಿದ್ದವು. ಅಜ್ಜಿಯ ಸಾಲಿನಲ್ಲೂ ಎಲ್ಲಕ್ಕೂ 'ಇಲ್ಲ' ಎಂದೇ ಗುರುತು ಬಿದ್ದಿತ್ತು. ಆದರೆ ಅಜ್ಜಿ ಆರು ವರ್ಷಗಳಿಂದ ಸಕ್ಕರೆ ಕಾಯಿಲೆಯ ಮಾತ್ರೆ ನುಂಗುತ್ತಿದ್ದರು.

"ಅರ್ಜಿ ತುಂಬಿದೋರು ಕೇಳಲೇ ಇಲ್ಲ. ಸಹಿ ಹಾಕಿ ಅಂದ್ರು, ಹಾಕಿದೆ" ಎಂದರು ಯಜಮಾನರು.

ಬರೆದವರು ಯಾರೇ ಆಗಲಿ, ಸಹಿ ಯಾರದೋ ಹೊಣೆ ಅವರದು. ಮೊದಲೇ ಇದ್ದ ಕಾಯಿಲೆಗೆ 36 ತಿಂಗಳ ಮೇಲೆ ಹಣ ಕೊಡುವುದು, ಅದನ್ನು ಅರ್ಜಿಯಲ್ಲಿ ತಿಳಿಸಿ ಕಂಪನಿ ಒಪ್ಪಿಕೊಂಡಿದ್ದರೆ ಮಾತ್ರ. ತಿಳಿಸದೆ ಇದ್ದರೆ ಕಾಯ್ದದ್ದೂ ವ್ಯರ್ಥವಾಗಬಹುದು, ಪಾಲಿಸಿಯೇ ರದ್ದಾಗಬಹುದು. ಇದು ಬಯಲಾಗುವುದು ಹೇಗೆಂದರೆ, ಆಸ್ಪತ್ರೆಗೆ ಸೇರಿದ ದಿನ ವೈದ್ಯರು "ಸಕ್ಕರೆ ಎಷ್ಟು ವರ್ಷದಿಂದ?" ಎಂದು ಕೇಳುತ್ತಾರೆ. ರೋಗಿಯು ಹೇಳಿದ್ದು ಕೇಸ್ ಶೀಟಿನಲ್ಲಿಯೂ ಬಿಡುಗಡೆಯ ಪತ್ರದಲ್ಲಿಯೂ ದಾಖಲಾಗುತ್ತದೆ. ಕಂಪನಿಯವರು ಹಣ ಕೊಡುವ ಮುಂಚೆ ಅದನ್ನೇ ಮೊದಲು ಓದುತ್ತಾರೆ. ಅಲ್ಲಿ ಸುಳ್ಳು ಹೇಳುವುದು ಚಿಕಿತ್ಸೆಗೇ ಅಪಾಯ. ಅದಕ್ಕಾಗಿ ಅರ್ಜಿಯಲ್ಲಿಯೇ ನಿಜ ಬರೆಯತಕ್ಕದ್ದು. ಹಾಗೆಯೇ ವೈದ್ಯರಿಗೆ ಅಂದಾಜಿನಲ್ಲಿ "ಹತ್ತು ವರ್ಷ" ಎನ್ನದೆ, ಗೊತ್ತಿರುವ ವರ್ಷವನ್ನು ಸರಿಯಾಗಿ ಹೇಳತಕ್ಕದ್ದು.

ಅದೃಷ್ಟಕ್ಕೆ ಕಾಲ ಮೀರಿರಲಿಲ್ಲ. ಪಾಲಿಸಿಯು ಕೈಸೇರಿದ ದಿನದಿಂದ 30 ದಿನಗಳವರೆಗೆ ಅದನ್ನು ಓದಿ ನೋಡಿ, ಬೇಡವಾದರೆ ಹಿಂದಿರುಗಿಸಲು ಅವಕಾಶವುಂಟು. ಇದಕ್ಕೆ ಫ್ರೀ ಲುಕ್ ಎಂದು ಹೆಸರು. ಅಷ್ಟರೊಳಗೆ ಹಿಂದಿರುಗಿಸಿದರೆ, ಕಳೆದ ದಿನಗಳ ಪಾಲು ಹಾಗೂ ವೈದ್ಯಕೀಯ ಪರೀಕ್ಷೆ, ಸ್ಟಾಂಪಿನ ಖರ್ಚು ಕಳೆದು ಉಳಿದ ಕಂತಿನ ಹಣ ವಾಪಸು ಬರುತ್ತದೆ. ತಪ್ಪನ್ನು ತಿದ್ದಿಸಲೂ ಇದೇ ತಕ್ಕ ಕಾಲ. ಯಜಮಾನರು ಮರುದಿನವೇ ಕಂಪನಿಗೆ ಪತ್ರ ಬರೆದು, ತಾಯಿಯ ಸಕ್ಕರೆ ಕಾಯಿಲೆಯನ್ನೂ ಕಣ್ಣಿನ ಪೊರೆಯನ್ನೂ ತಿಳಿಸಿ, ಶಿಬಿರದ ಚೀಟಿಯ ನಕಲನ್ನು ಲಗತ್ತಿಸಿದರು. ಕೆಲವು ದಿನಗಳ ಮೇಲೆ ಎರಡೂ ಕಾಯಿಲೆಗಳನ್ನು ನಮೂದಿಸಿದ ತಿದ್ದುಪಡಿ ಪತ್ರ ಬಂತು. ಇಂತಹ ಸಂದರ್ಭದಲ್ಲಿ ಕಂಪನಿಯು ಹೆಚ್ಚಿನ ಕಂತು ಕೇಳಬಹುದು, ಆ ವ್ಯಕ್ತಿಯನ್ನು ಸೇರಿಸಲು ಒಪ್ಪದೆಯೂ ಇರಬಹುದು. ಆದರೆ ಅದು ಇಂದೇ ತಿಳಿಯುವುದು, ಆಸ್ಪತ್ರೆಯ ಬಾಗಿಲಲ್ಲಿ ತಿಳಿಯುವುದಕ್ಕಿಂತ ಲೇಸು.

ಮೂರನೆಯ ಪಾಠ: ಹೊರಗಿಟ್ಟ ಬಾಬ್ತು

ಕಾಯುವ ಕಾಲ ಒಂದು ದಿನ ಮುಗಿಯುತ್ತದೆ. ಹೊರಗಿಟ್ಟ ಬಾಬ್ತು ಎಷ್ಟು ವರ್ಷ ಕಂತು ಕಟ್ಟಿದರೂ ಹೊರಗೇ ಇರುತ್ತದೆ. ಸಂಖ್ಯೆ 04ರಿಂದ 18ರವರೆಗೆ ಇರುವವು ಇವು. ಎಲ್ಲವನ್ನೂ ಇಲ್ಲಿ ಬರೆಯದೆ ನಮ್ಮ ಹಳ್ಳಿಗಳಲ್ಲಿ ತೊಡಕು ತರುವ ಮೂರನ್ನು ಹೇಳುತ್ತೇನೆ.

ಸಂಖ್ಯೆ 04, ಬರಿಯ ಪರೀಕ್ಷೆಗಾಗಿ ಆಸ್ಪತ್ರೆಗೆ ಸೇರುವುದು. "ಹೇಗೂ ವಿಮೆ ಇದೆ, ಎರಡು ದಿನ ಅಡ್ಮಿಟ್ ಮಾಡಿಕೊಂಡು ಎಲ್ಲ ಟೆಸ್ಟ್ ಮಾಡಿಬಿಡಿ" ಎಂದು ನಾವೇ ವೈದ್ಯರಿಗೆ ಹೇಳುವುದುಂಟು. ಸ್ಕ್ಯಾನು, ರಕ್ತಪರೀಕ್ಷೆ ಇವಿಷ್ಟೇ ನಡೆದು, ಮನೆಯಲ್ಲಿದ್ದೇ ನುಂಗಬಹುದಾದ ಮಾತ್ರೆ ಕೊಟ್ಟು ಕಳಿಸಿದ್ದರೆ ಆ ಬಿಲ್ಲಿಗೆ ಹಣ ಬರುವುದಿಲ್ಲ. ಆಸ್ಪತ್ರೆಯಲ್ಲಿ ಇದ್ದೇ ಮಾಡಬೇಕಾದ ಚಿಕಿತ್ಸೆ ನಡೆದಿದೆ ಎಂದು ಬಿಡುಗಡೆಯ ಪತ್ರದಲ್ಲಿ ಕಾಣಬೇಕು. ಸಾಮಾನ್ಯವಾಗಿ 24 ಗಂಟೆಯಾದರೂ ಒಳರೋಗಿಯಾಗಿರಬೇಕು. ಪೊರೆಯ ಆಪರೇಷನ್ನಿನಂತೆ ಒಂದೇ ದಿನದಲ್ಲಿ ಮುಗಿಯುವ ಕೆಲವು ಚಿಕಿತ್ಸೆಗಳಿಗೆ ಮಾತ್ರ ಇದರಿಂದ ವಿನಾಯಿತಿಯಿದೆ. ಹೊರರೋಗಿಯಾಗಿ ತೋರಿಸಿಕೊಂಡ ಚೀಟಿಯ ಖರ್ಚು, ತಿಂಗಳ ಮಾತ್ರೆಯ ಖರ್ಚು ಈ ಪಾಲಿಸಿಯಲ್ಲಿಲ್ಲ.

ಸಂಖ್ಯೆ 12, ಕುಡಿತ ಮತ್ತು ಇತರ ಚಟಗಳ ಚಿಕಿತ್ಸೆ, ಹಾಗೂ ಅವುಗಳ ಪರಿಣಾಮ. ಕುಡಿತ ಬಿಡಿಸಲು ಸೇರಿಸಿದರೆ ಹಣವಿಲ್ಲ. ಕುಡಿತದಿಂದಲೇ ಯಕೃತ್ತು ಕೆಟ್ಟಿತೆಂದು ವೈದ್ಯರು ಬರೆದರೆ ಅದಕ್ಕೂ ಇದೇ ಷರತ್ತನ್ನು ಮುಂದಿಟ್ಟು ನಿರಾಕರಿಸುತ್ತಾರೆ.

ಸಂಖ್ಯೆ 18, ಹೆರಿಗೆ. ಆರೋಗ್ಯ ಸಂಜೀವನಿಯಲ್ಲಿ ಹೆರಿಗೆಯ ಖರ್ಚು, ಸಿಸೇರಿಯನ್ ಆದರೂ, ಸೇರಿಲ್ಲ. ಗರ್ಭವು ಗರ್ಭಕೋಶದ ಹೊರಗೆ ನಿಂತು ಪ್ರಾಣಕ್ಕೆ ಬಂದಾಗ ಮಾತ್ರ ಇದಕ್ಕೆ ವಿನಾಯಿತಿ. ಹೊಸದಾಗಿ ಮದುವೆಯಾದ ಮಗನಿರುವ ಮನೆಯವರು ಇದನ್ನು ಮೊದಲೇ ತಿಳಿದಿರಬೇಕು.

ನಾಲ್ಕನೆಯ ಪಾಠ: ಒಳಮಿತಿ

ಇದು ಎಲ್ಲಕ್ಕಿಂತ ಹೆಚ್ಚು ಜನರಿಗೆ ಪೆಟ್ಟು ಕೊಡುವ ಭಾಗ. ಎರಡು ಲಕ್ಷ ಎಂಬುದು ಒಟ್ಟು ಮಿತಿ. ಅದರೊಳಗೆ ಕೆಲವು ಬಾಬ್ತುಗಳಿಗೆ ಬೇರೆ ಸಣ್ಣ ಮಿತಿಗಳಿವೆ.

ಕಣ್ಣಿನ ಪೊರೆಗೆ ಪಾಲಿಸಿ ಮೊತ್ತದ ನೂರಕ್ಕೆ 25, ಅಥವಾ 40,000 ರೂಪಾಯಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು, ಒಂದೊಂದು ಕಣ್ಣಿಗೆ. ಎರಡು ಲಕ್ಷಕ್ಕೆ ನೂರಕ್ಕೆ 25 ಎಂದರೆ 50,000. ಆದರೆ 40,000 ಕಡಿಮೆಯಾದ್ದರಿಂದ ಅಷ್ಟೇ ಸಿಗುವುದು. ಪಾಲಿಸಿ ಒಂದು ಲಕ್ಷದ್ದಾಗಿದ್ದರೆ 25,000 ಮಾತ್ರ.

ಆಸ್ಪತ್ರೆಯ ಕೊಠಡಿಯ ಬಾಡಿಗೆಗೆ ದಿನವೊಂದಕ್ಕೆ ಪಾಲಿಸಿ ಮೊತ್ತದ ನೂರಕ್ಕೆ 2, ಆದರೆ 5,000 ಮೀರಬಾರದು. ಎರಡು ಲಕ್ಷಕ್ಕೆ ಅದು 4,000 ರೂಪಾಯಿ. ದಾದಿಯರ ಶುಶ್ರೂಷೆಯ ಖರ್ಚೂ ಇದರಲ್ಲಿಯೇ ಸೇರಿದೆ. ತೀವ್ರ ನಿಗಾ ಘಟಕಕ್ಕೆ ಬೇರೆ ಮಿತಿಯಿದೆ. ನೂರಕ್ಕೆ 5, ಅಂದರೆ ಇವರಿಗೆ ದಿನಕ್ಕೆ 10,000.

"ಮಿತಿ 4,000 ಇದ್ದು ನಾವು 6,000ದ ಕೊಠಡಿ ಹಿಡಿದರೆ ದಿನಕ್ಕೆ 2,000 ನಮ್ಮ ಕೈಯಿಂದ ಹೋಗುತ್ತದೆ, ಅಷ್ಟೇ ತಾನೆ?" ಎಂದು ಯಜಮಾನರು ಕೇಳಿದರು. ಅಷ್ಟೇ ಅಲ್ಲ. ಪಾಲಿಸಿಯಲ್ಲಿ ಅದರ ಮುಂದಿನ ಸಾಲನ್ನು ಓದಬೇಕು. ಮಿತಿ ಮೀರಿದ ಕೊಠಡಿ ಹಿಡಿದರೆ ವೈದ್ಯರ ಶುಲ್ಕ, ಆಪರೇಷನ್ ಕೊಠಡಿಯ ಖರ್ಚು ಮುಂತಾದುವನ್ನೂ ಅದೇ ಪ್ರಮಾಣದಲ್ಲಿ ಇಳಿಸುತ್ತಾರೆ. 6,000ದಲ್ಲಿ 4,000 ಎಂದರೆ ಮೂರರಲ್ಲಿ ಎರಡು ಪಾಲು. ಆ ಖರ್ಚುಗಳಲ್ಲೂ ಮೂರರಲ್ಲಿ ಎರಡು ಪಾಲೇ ಸಿಗುವುದು. ಔಷಧ, ಪರೀಕ್ಷೆ, ದೇಹದೊಳಗೆ ಕೂರಿಸುವ ಸಾಧನ ಇವಕ್ಕೆ ಈ ಕಡಿತವಿಲ್ಲ. ಕೊಠಡಿಗೆ ತಕ್ಕಂತೆ ದರ ಬದಲಿಸದ ಆಸ್ಪತ್ರೆಗಳಲ್ಲಿಯೂ ಈ ಕಡಿತ ಮಾಡುವಂತಿಲ್ಲ.

ಈ ಪಾಠದ ಬೆಲೆ ಐದೇ ತಿಂಗಳಲ್ಲಿ ಕಂಡಿತು. 2025ರ ನವೆಂಬರಿನಲ್ಲಿ ಯಜಮಾನರಿಗೆ ರಾತ್ರೋರಾತ್ರಿ ಹೊಟ್ಟೆನೋವು ಬಂದು, ಹಾಸನದ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದರು. ಅಪೆಂಡಿಕ್ಸ್ ಎಂದು ಗೊತ್ತಾಗಿ ಆಪರೇಷನ್ ಆಯಿತು. ಅಪೆಂಡಿಕ್ಸ್ ಪಟ್ಟಿಯಲ್ಲಿಲ್ಲ, 30 ದಿನವೂ ಕಳೆದಿತ್ತು. ಆದುದರಿಂದ ವಿಮೆಗೆ ಅಡ್ಡಿಯಿರಲಿಲ್ಲ. ಜೊತೆಗಿದ್ದ ನೆಂಟರು "ವಿಮೆ ಇದೆಯಲ್ಲ, ಒಳ್ಳೆ ರೂಮ್ ತಗೊಳ್ಳಿ" ಎಂದು 6,000ದ ಕೊಠಡಿ ತೋರಿಸಿದರು. ಯಜಮಾನರ ಹೆಂಡತಿ ಮಾತ್ರ, "ನಮ್ಮ ಮಿತಿ ನಾಲ್ಕು ಸಾವಿರ. ಅದರೊಳಗಿನ ರೂಮೇ ಕೊಡಿ" ಎಂದು ಹಟ ಹಿಡಿದು 4,000ದ ಕೊಠಡಿಯನ್ನೇ ಪಡೆದರು. ಆಮೇಲೆ ನಾವು ಕೂತು ಎರಡು ಬಗೆಯ ಲೆಕ್ಕ ಹಾಕಿದೆವು. ನೋಡಿ.

ನಾಲ್ಕು ದಿನದ ಕೊಠಡಿ 16,000. ವೈದ್ಯರು, ಅರಿವಳಿಕೆ, ಆಪರೇಷನ್ ಕೊಠಡಿ ಎಲ್ಲ ಸೇರಿ 60,000. ಔಷಧ, ಪರೀಕ್ಷೆ 30,000. ವಿಮೆಗೆ ಸೇರದ ಚಿಲ್ಲರೆ ಸಾಮಾನು 2,000. ಒಟ್ಟು 1,08,000 ರೂಪಾಯಿ. ಇದರಲ್ಲಿ ಚಿಲ್ಲರೆ 2,000 ಕಳೆದು 1,06,000ಕ್ಕೆ ಮಾನ್ಯತೆ ದೊರೆಯಿತು. ಆರೋಗ್ಯ ಸಂಜೀವನಿಯಲ್ಲಿ ಪ್ರತಿ ಸಲವೂ ನೂರಕ್ಕೆ 5ನ್ನು ಮನೆಯವರೇ ಹೊರಬೇಕು; ಇದಕ್ಕೆ ಕೋ-ಪೇ ಎನ್ನುತ್ತಾರೆ. ಅದು 5,300. ಉಳಿದ 1,00,700ನ್ನು ಕಂಪನಿ ಕೊಟ್ಟಿತು. ಮನೆಯವರ ಕೈಯಿಂದ ಹೋದದ್ದು 7,300.

6,000ದ ಕೊಠಡಿ ಹಿಡಿದಿದ್ದರೆ? ಬೇರೆ ಖರ್ಚು ಅಷ್ಟೇ ಎಂದಿಟ್ಟುಕೊಂಡರೂ ಬಿಲ್ಲು 1,16,000 ಆಗುತ್ತಿತ್ತು. ಕೊಠಡಿಗೆ ಮಾನ್ಯವಾಗುವುದು ಅದೇ 16,000. 60,000ದಲ್ಲಿ ಮೂರರಲ್ಲಿ ಎರಡು ಪಾಲು, 40,000. ಔಷಧ, ಪರೀಕ್ಷೆಗೆ ಪೂರ್ತಿ 30,000. ಕೂಡಿದರೆ 86,000. ಅದರಲ್ಲಿ ನೂರಕ್ಕೆ 5, ಅಂದರೆ 4,300 ಕಳೆದು ಕಂಪನಿ ಕೊಡುವುದು 81,700. ಮನೆಯವರ ಪಾಲಿಗೆ 34,300.

ಕೊಠಡಿಯ ಬಾಡಿಗೆಯಲ್ಲಿನ ವ್ಯತ್ಯಾಸ ನಾಲ್ಕು ದಿನಕ್ಕೆ 8,000. ಕೈಯಿಂದ ಹೋಗುವುದರಲ್ಲಿನ ವ್ಯತ್ಯಾಸ 27,000. ಆದಕಾರಣ ಆಸ್ಪತ್ರೆಯ ಮೇಜಿನ ಮುಂದೆ ನಿಂತಾಗ ಮೊದಲು ಕೇಳತಕ್ಕ ಪ್ರಶ್ನೆ, "ಶುಶ್ರೂಷೆಯ ಖರ್ಚು ಸೇರಿ ಈ ಕೊಠಡಿಗೆ ದಿನಕ್ಕೆಷ್ಟು?" ಎಂಬುದು. ಮಿತಿಯೊಳಗಿನ ಕೊಠಡಿ ಖಾಲಿಯಿಲ್ಲದೆ ಪ್ರಾಣಸಂಕಟದ ಸಮಯವಾದರೆ ಸಿಕ್ಕಿದ್ದಕ್ಕೆ ಸೇರಿಸಬೇಕು. ಖಾಲಿಯಾದ ಕೂಡಲೆ ಬದಲಿಸಿ ಕೊಡಿ ಎಂದು ಅಲ್ಲಿಯೇ ಹೇಳಿಟ್ಟಿರಬೇಕು.

ಐದನೆಯ ಪಾಠ: ಕಂತು ತಪ್ಪಿದರೆ ಕಾಯ್ದದ್ದೆಲ್ಲ ಹೋಯಿತು

ಕಾಯುವ ಕಾಲದ ಲೆಕ್ಕವೆಲ್ಲ ನಿಂತಿರುವುದು 'ಎಡೆಬಿಡದೆ' ಎಂಬ ಒಂದು ಮಾತಿನ ಮೇಲೆ. ವರ್ಷದ ಕಂತಿನ ದಿನ ಮುಗಿದ ಮೇಲೆ 30 ದಿನಗಳ ರಿಯಾಯಿತಿ ಕಾಲವಿದೆ. ಅಷ್ಟರೊಳಗೆ ಕಟ್ಟಿದರೆ ಹಿಂದೆ ಕಾಯ್ದ ತಿಂಗಳುಗಳು ಉಳಿಯುತ್ತವೆ. ಆದರೆ ವರ್ಷಕ್ಕೊಮ್ಮೆ ಕಟ್ಟುವ ಪಾಲಿಸಿಯಲ್ಲಿ, ಹಣ ಕಟ್ಟದೆ ಇದ್ದ ಆ ದಿನಗಳಲ್ಲಿ ಬಂದ ಕಾಯಿಲೆಗೆ ವಿಮೆಯಿಲ್ಲ. ರಿಯಾಯಿತಿ ಕಾಲವೂ ಮೀರಿದರೆ ಹೊಸ ಪಾಲಿಸಿಯೇ ಗತಿ. 30 ದಿನ, 24 ತಿಂಗಳು, 36 ತಿಂಗಳು ಎಲ್ಲ ಮತ್ತೆ ಮೊದಲಿನಿಂದ.

ಈ ಮನೆಯ ಕಂತು ಬೀಳುವುದು ಜೂನ್ ತಿಂಗಳಲ್ಲಿ. ಬೀಜ, ಗೊಬ್ಬರಕ್ಕೆ ಕೈ ಖಾಲಿಯಾಗುವ ಕಾಲವದು. ಅದಕ್ಕಾಗಿ ತಿಪಟೂರಿನಲ್ಲಿ ಕೊಬ್ಬರಿ ಮಾರಿ ಬಂದ ಹಣದಲ್ಲಿ ಕಂತಿನಷ್ಟನ್ನು ಬೇಸಿಗೆಯಲ್ಲಿಯೇ ಬ್ಯಾಂಕಿನಲ್ಲಿ ಬೇರೆ ಇಡುವುದೆಂದು ಅವರು ಗೊತ್ತುಮಾಡಿಕೊಂಡಿದ್ದಾರೆ. ಮುಂದೆ ಎರಡು ಲಕ್ಷವನ್ನು ಐದು ಲಕ್ಷಕ್ಕೆ ಏರಿಸಿದರೆ ಹೊಸದಾಗಿ ಸೇರಿದ ಮೂರು ಲಕ್ಷಕ್ಕೆ ಮಾತ್ರ ಕಾಯುವ ಕಾಲ ಹೊಸದಾಗಿ ಆರಂಭವಾಗುತ್ತದೆ. ಹಳೆಯ ಎರಡು ಲಕ್ಷಕ್ಕೆ ಹಳೆಯ ಲೆಕ್ಕವೇ ನಡೆಯುತ್ತದೆ.

ಕನ್ನಡದಲ್ಲಿ ಕೇಳಿ ಪಡೆಯಿರಿ

ಇಷ್ಟನ್ನೂ ಇಂಗ್ಲಿಷಿನಲ್ಲಿಯೇ ಹುಡುಕಬೇಕೆ ಎಂದರೆ, ಬೇಕಿಲ್ಲ. ಪ್ರತಿ ಪಾಲಿಸಿಯ ಜೊತೆಗೆ ಕೆಲವೇ ಪುಟಗಳ ಒಂದು ಸಾರಾಂಶವನ್ನು ಕಂಪನಿ ಕೊಡಬೇಕು. ಅದರ ಹೆಸರು ಕಸ್ಟಮರ್ ಇನ್ಫರ್ಮೇಷನ್ ಶೀಟ್, ಅಂದರೆ ಗ್ರಾಹಕ ಮಾಹಿತಿ ಪತ್ರ. ಕಾಯುವ ಕಾಲ, ಹೊರಗಿಟ್ಟ ಬಾಬ್ತು, ಒಳಮಿತಿ ಮೂರೂ ಅದರಲ್ಲಿ ಬೇರೆ ಬೇರೆ ಸಾಲಾಗಿ ಇರುತ್ತವೆ. ಪಾಲಿಸಿದಾರನು ಬಯಸಿದರೆ ಅದನ್ನು ಸ್ಥಳೀಯ ಭಾಷೆಯಲ್ಲಿ ಒದಗಿಸಬೇಕೆಂಬ ನಿಯಮ 2024ರ ಜನವರಿ 1ರಿಂದ ಜಾರಿಯಲ್ಲಿದೆ. ಆದರೆ ಕೇಳದವರಿಗೆ ಬರುವುದಿಲ್ಲ. ಪಾಲಿಸಿ ಸಂಖ್ಯೆ ಬರೆದು, "ಗ್ರಾಹಕ ಮಾಹಿತಿ ಪತ್ರವನ್ನು ಕನ್ನಡದಲ್ಲಿ ಕಳುಹಿಸಿ ಕೊಡತಕ್ಕದ್ದು" ಎಂದು ಒಂದು ಸಾಲು ಬರೆದರೆ ಸಾಕು. ಈ ಮನೆಯವರೂ ಹಾಗೆಯೇ ತರಿಸಿಕೊಂಡರು.

ಹಣ ಕೊಡಲು ಕಂಪನಿ ನಿರಾಕರಿಸಿದರೆ ಬಾಯಿಮಾತಿಗೆ ಒಪ್ಪಬಾರದು. ಪಾಲಿಸಿಯ ಯಾವ ಷರತ್ತಿನ ಪ್ರಕಾರ ಎಂದು ಬರವಣಿಗೆಯಲ್ಲಿ ಕೇಳಬೇಕು. ಆ ಷರತ್ತಿನ ಸಂಖ್ಯೆ ಸಿಕ್ಕರೆ, ತೀರ್ಮಾನ ಸರಿಯೋ ತಪ್ಪೋ ಎಂದು ನೀವೇ ಈ ಪಾಠವನ್ನು ಮುಂದಿಟ್ಟುಕೊಂಡು ನೋಡಬಹುದು. ತಪ್ಪೆಂದು ಕಂಡರೆ ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಬೇಕು. 30 ದಿನಗಳೊಳಗೆ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನಲ್ಲಿರುವ ವಿಮಾ ಲೋಕಪಾಲರಿಗೆ ಒಂದು ವರ್ಷದೊಳಗೆ ಅರ್ಜಿ ಹಾಕಬಹುದು. ಇದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಕಡೆಯ ಮಾತು

ಅಜ್ಜಿಯ ಕಣ್ಣಿನ ಸಂಗತಿಯನ್ನು ಹೇಳದೆ ಮುಗಿಸಿದರೆ ನೀವು ಕೇಳದೆ ಬಿಡಲಾರಿರಿ. ಮೂರು ವರ್ಷ ಕಾಯುವುದೆಂದರೆ ಅಷ್ಟೂ ಕಾಲ ಅವರು ಮಬ್ಬುಗಣ್ಣಿನಲ್ಲಿ ಕೊಟ್ಟಿಗೆಗೆ ಹೋಗಿಬರಬೇಕು. ಎಡವಿ ಸೊಂಟ ಮುರಿದುಕೊಂಡರೆ ಅದು ದೊಡ್ಡ ವಿಪತ್ತು. ವಿಮೆಗಾಗಿ ಕಣ್ಣನ್ನು ಕಾಯಿಸುವುದು ವಿವೇಕವಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಅಂಧತ್ವ ನಿಯಂತ್ರಣ ಕಾರ್ಯಕ್ರಮದಲ್ಲಿ ಪೊರೆಯ ಆಪರೇಷನ್ನನ್ನು ಉಚಿತವಾಗಿ ಮಾಡುತ್ತಾರೆ. ಪಾಲಿಸಿಯಿಂದ ಹಣ ಬರುವುದಿಲ್ಲವೆಂದು ಖಚಿತವಾಗಿ ತಿಳಿದದ್ದರಿಂದ ಅವರು ಸುಮ್ಮನೆ ಕಾಯದೆ, ಆ ಚಳಿಗಾಲದಲ್ಲಿಯೇ ಸರ್ಕಾರಿ ಆಸ್ಪತ್ರೆಯಲ್ಲಿ ಬಲಗಣ್ಣಿಗೆ ಆಪರೇಷನ್ ಮಾಡಿಸಿದರು. ಪಾಲಿಸಿಯಲ್ಲಿ ಏನಿಲ್ಲ ಎಂದು ತಿಳಿದರೂ ಹೀಗೆ ಪ್ರಯೋಜನವುಂಟು.

ಈಗ ಆ ಮನೆಯ ಬೀರುವಿನ ಬಾಗಿಲ ಒಳಬದಿಗೆ ಹುಡುಗನು ಬರೆದ ಒಂದು ಚೀಟಿ ಅಂಟಿದೆ. ನೀವೂ ನಿಮ್ಮ ಪಾಲಿಸಿ ನೋಡಿ ಇಂತಹದೊಂದನ್ನು ಬರೆದಿಡಿ:

ಪಾಲಿಸಿ ಆರಂಭ: 2025 ಜೂನ್ 10. ಪ್ರತಿ ವರ್ಷ ಜೂನ್ 9ರೊಳಗೆ ಕಂತು.
ಪಟ್ಟಿಯ ಕಾಯಿಲೆಗಳು: 2027 ಜೂನ್ 10ರಿಂದ.
ಅಜ್ಜಿಯ ಸಕ್ಕರೆ, ಮತ್ತು ಯಾರಿಗಾದರೂ ಮಂಡಿಯ ಕೀಲು: 2028 ಜೂನ್ 10ರಿಂದ.
ಕೊಠಡಿ: ದಿನಕ್ಕೆ 4,000 ಮೀರಬಾರದು. ತೀವ್ರ ನಿಗಾ: 10,000.
ಪ್ರತಿ ಬಿಲ್ಲಿನಲ್ಲೂ ನೂರಕ್ಕೆ 5 ನಮ್ಮದು.
ಬರಿಯ ಪರೀಕ್ಷೆಗೆ ಅಡ್ಮಿಟ್ ಆಗಬಾರದು.